ನಿಮಿಷ ಸರಿ, ಸೆಕೆಂಡೂ ಸರಿ

ನಮ್ಮ ಕಸುಬಿನಲ್ಲಿ ನನಗೆ ‘ಗಡಿಯಾರ’ ಅಂತ ಅಡ್ಡಹೆಸರು. ಬೇರೆಯವರು ಕ್ಯಾಮೆರಾ ಹಾಕಿ, ಚಿತ್ರ ಬಂತಾ ನೋಡಿ, ಏಣಿ ಮಡಚಿಕೊಂಡು ಹೊರಟುಬಿಡುತ್ತಾರೆ. ಚಿತ್ರದ ಮೂಲೆಯಲ್ಲಿ ಓಡುವ ತಾರೀಕು, ಗಂಟೆ, ನಿಮಿಷಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನನಗೆ ಅದನ್ನು ಕಂಡರೆ ಮೈ ಉರಿಯುತ್ತದೆ. ಯಾವಾಗ ನಡೆದದ್ದು ಅಂತ ಗೊತ್ತಾಗದಿದ್ದರೆ ಏನು ನಡೆಯಿತು ಅಂತ ಗೊತ್ತಾಗಿ ಏನು ಬಂತು? ಹೀಗೆ ಹೋದಲ್ಲೆಲ್ಲ ಕೊರೆದೂ ಕೊರೆದೂ ಈ ಹೆಸರು ಅಂಟಿಕೊಂಡಿತು. ನನಗೇನೂ ಬೇಜಾರಿರಲಿಲ್ಲ. ಒಳಗೊಳಗೇ ಜಂಬವೇ ಇತ್ತು.

ಅದೇ ಜಂಬದಲ್ಲಿ ಎರಡು ವಾರದ ಹಿಂದೆ ಒಬ್ಬ ಹೆಂಗಸಿನ ಕೆಲಸ ಕಳೆದೆ. ಕಳೆದದ್ದು ನಾನು ಅಂತ ಆಗ ನನಗೆ ಗೊತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನನ್ನ ಹೆಂಡತಿ ಒಂದು ಡೇ ಕೇರ್‌ನಲ್ಲಿ ಆಯಾ. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಕೂಸುಗಳನ್ನು ಹಗಲು ನೋಡಿಕೊಳ್ಳುವ ಜಾಗ ಅದು. ಹಿಂದುಗಡೆಯ ಕೋಣೆ ಎರಡು ವರ್ಷದೊಳಗಿನ ಕೂಸುಗಳದು. ಗೋಡೆಯುದ್ದಕ್ಕೂ ಕಂಬಿ ಕಟ್ಟಿದ ಆರು ಪುಟ್ಟ ಮಂಚಗಳು, ನೆಲಕ್ಕೆ ರಬ್ಬರ್ ಹಾಸು, ಕಿಟಕಿಗೆ ದಪ್ಪ ಪರದೆ, ಹಗಲಲ್ಲೂ ಉರಿಯುವ ಒಂದು ಟ್ಯೂಬ್‌ಲೈಟು. ಆ ಕೋಣೆಗೆ ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ನನ್ನ ಹೆಂಡತಿ. ಒಂದರಿಂದ ಏಳರವರೆಗೆ ಗಿಣಿ ಆಂಟಿ. ಮಕ್ಕಳ ಹತ್ತಿರ ಬಿಡುವಿಲ್ಲದೆ ಮಾತಾಡುತ್ತಿದ್ದರಿಂದ ಅವರಿಗೆ ಆ ಹೆಸರು. ಕೂಸುಗಳ ಕೋಣೆ ಅಂತ ಇಬ್ಬರೂ ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್, ಮೇಲೊಂದು ನೀಲಿ ಕೋಟು ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಫೋನು ಒಳಗೆ ತೆಗೆಯುವ ಹಾಗಿಲ್ಲ.

ಅಲ್ಲಿನ ಕ್ಯಾಮೆರಾಗಳನ್ನು ಹಾಕಿದವನು ನಾನೇ. ಹಳೆಯ ರೆಕಾರ್ಡರ್‌ನ ಒಳಗಿನ ಬಟನ್ ಸೆಲ್ ಸತ್ತುಹೋಗಿ, ಕರೆಂಟು ಹೋಗಿ ಬಂದಾಗಲೆಲ್ಲ ಅದು ಫ್ಯಾಕ್ಟರಿಯ ತಾರೀಕಿಗೆ ಹಾರಿ ಕೂರುತ್ತಿತ್ತು. ಒಂದು ವರ್ಷದ ಮಗು ಇಪ್ಪತ್ತು ವರ್ಷದ ಹಿಂದೆಯೇ ಬಾಟಲಿ ಹಾಲು ಕುಡಿಯುತ್ತಿತ್ತು. ನೋಡಿ ನಕ್ಕದ್ದೇ ನಕ್ಕದ್ದು. ಎರಡು ತಿಂಗಳ ಹಿಂದೆ ಹೊಸ ರೆಕಾರ್ಡರ್ ತಂದು ಕೂರಿಸಿ, ಕೈಯಿಂದ ಟೈಮು ಇಡುವ ರಗಳೆಯೇ ಬೇಡ ಅಂತ ಎನ್‌ಟಿಪಿ ಹಾಕಿದೆ. ಅಂದರೆ ರೆಕಾರ್ಡರ್ ಗಂಟೆಗೊಮ್ಮೆ ತಾನೇ ಇಂಟರ್ನೆಟ್ಟಿನ ಟೈಮ್ ಸರ್ವರನ್ನು ಕೇಳಿ, ತನ್ನ ಗಡಿಯಾರ ತಿದ್ದಿಕೊಳ್ಳುತ್ತದೆ. ಡೇ ಕೇರ್ ನಡೆಸುವ ಮೇಡಂಗೆ, “ಇನ್ನು ಹತ್ತು ವರ್ಷ ಇದನ್ನ ಮುಟ್ಟೋದೇ ಬೇಡ ಮೇಡಂ” ಅಂತ ಹೇಳಿ ಬಂದಿದ್ದೆ.

ಎರಡು ವಾರದ ಹಿಂದೆ ಒಂದು ಸಂಜೆ, ಹದಿನಾಲ್ಕು ತಿಂಗಳ ಗಂಡು ಮಗುವಿಗೆ ಅದರ ತಾಯಿ ಮನೆಯಲ್ಲಿ ಅಂಗಿ ತೆಗೆಯಲು ಹೋದಾಗ ಅದು ಕಿಟಾರನೆ ಕಿರುಚಿಕೊಂಡಿತಂತೆ. ಡಾಕ್ಟರು ನೋಡಿ ಕತ್ತಿನ ಕೆಳಗಿನ ಮೂಳೆ ಮುರಿದಿದೆ, ಎಲ್ಲಿಂದಲೋ ಬಿದ್ದಿದೆ ಅಂದರು. ಮರುದಿನ ಮೇಡಂ ಕೂತು ರೆಕಾರ್ಡಿಂಗ್ ಹುಡುಕಿದರು. ಸಿಕ್ಕಿತು. ಮೂಲೆಯಲ್ಲಿ ಹದಿಮೂರು ಇಪ್ಪತ್ತು ಅಂತ ಇರುವಾಗ ನೀಲಿ ಕೋಟಿನ ಆಯಾ ಕೋಣೆಯಿಂದ ಹೊರಗೆ ಹೋಗುತ್ತಾಳೆ. ಹದಿಮೂರು ಇಪ್ಪತ್ತಾರಕ್ಕೆ ಮಗು ಕಂಬಿ ಹತ್ತಿ ಆಚೆಗೆ ಬೀಳುತ್ತದೆ. ಹದಿಮೂರು ಮೂವತ್ತೊಂದಕ್ಕೆ ಆಯಾ ಬಂದು, ಎತ್ತಿ ಮಂಚದಲ್ಲಿ ಮಲಗಿಸುತ್ತಾಳೆ. ಯಾರಿಗೂ ಒಂದು ಮಾತು ಹೇಳಿಲ್ಲ. ಹದಿಮೂರು ಅಂದರೆ ಒಂದು ಗಂಟೆ. ಒಂದು ಗಂಟೆಯ ಮೇಲೆ ಕೋಣೆ ಯಾರದು? ಗಿಣಿ ಆಂಟಿಯದು.

ಆಂಟಿ, “ನಾನು ಹೊರಗೆ ಕಾಲೇ ಇಟ್ಟಿಲ್ಲ” ಅಂದರಂತೆ. ಆಗ ಮೇಡಂ ನನಗೆ ಫೋನು ಮಾಡಿದರು. ನಾನು ಒಂದು ಗೋದಾಮಿನಲ್ಲಿ ಏಣಿಯ ತುದಿಯಲ್ಲಿದ್ದೆ.

“ಕ್ಯಾಮೆರಾದಲ್ಲಿ ಟೈಮು ಸರಿ ಇದೆಯಾ? ಒಬ್ಬರ ಕೆಲಸದ ಪ್ರಶ್ನೆ.”

“ಒಂದು ನಿಮಿಷ ಮೇಡಂ,” ಅಂತ ಏಣಿಯ ಮೇಲಿಂದಲೇ ಫೋನಿನಲ್ಲಿ ಅಲ್ಲಿನ ಕ್ಯಾಮೆರಾ ತೆರೆದೆ. ಮೂಲೆಯ ಅಂಕಿಯನ್ನೂ ನನ್ನ ಫೋನಿನ ಗಡಿಯಾರವನ್ನೂ ಹೋಲಿಸಿದೆ. ಹದಿನೇಳು ನಿಮಿಷ, ಮೂವತ್ತೆರಡು ಸೆಕೆಂಡು. ಇಲ್ಲೂ ಅದೇ, ಅಲ್ಲೂ ಅದೇ.

“ಸೆಕೆಂಡೂ ತಪ್ಪಲ್ಲ ಮೇಡಂ. ಬೇಕಿದ್ರೆ ಬರೆದು ಕೊಡ್ತೀನಿ.”

ಸಂಜೆ ಬರೆದೂ ಕೊಟ್ಟೆ. ನನ್ನ ಸೀಲು ಒತ್ತಿ, ಸಹಿ ಹಾಕಿ. ಅವತ್ತೇ ಗಿಣಿ ಆಂಟಿಯನ್ನು ಕಳಿಸಿದರು. ಮಗು ಬಿದ್ದದ್ದಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪು ಅಂತ ಮೇಡಂ ಬೇರೆ ಡೇ ಕೇರ್‌ಗಳವರಿಗೂ ತಿಳಿಸಿಬಿಟ್ಟರು. ಇಪ್ಪತ್ತೆರಡು ವರ್ಷ ಬೇರೆಯವರ ಕೂಸುಗಳನ್ನು ಎತ್ತಿ ಆಡಿಸಿದ ಹೆಂಗಸಿಗೆ ಇನ್ನು ಯಾರೂ ತಮ್ಮ ಮಗುವನ್ನು ಕೊಡುವ ಹಾಗಿರಲಿಲ್ಲ. “ಪಾಪ ಕಣೇ” ಅಂದೆ ನಾನು ಮನೆಯಲ್ಲಿ. ಹೆಂಡತಿ ಪಾತ್ರೆ ಉಜ್ಜುತ್ತಿದ್ದಳು. ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು.

ಇವತ್ತು ಬೆಳಗ್ಗೆ ನಾನು ಅಲ್ಲಿಗೆ ಹೋದದ್ದು ಅಂಗಳದ ಕ್ಯಾಮೆರಾಕ್ಕೆ ಜೇಡ ಬಲೆ ಕಟ್ಟಿದೆ ಅನ್ನೋ ದೂರಿಗೆ. ಬಲೆ ಒರೆಸಿ, ಚಿತ್ರ ಹೇಗೆ ಬರುತ್ತಿದೆ ನೋಡೋಣ ಅಂತ ಮೆಟ್ಟಿಲ ಕೆಳಗಿನ ಗೂಡಿಗೆ ನುಗ್ಗಿದೆ. ರೆಕಾರ್ಡರ್ ಇರುವುದು ಅಲ್ಲೇ, ಪೊರಕೆ, ಫಿನಾಯಿಲು, ಮುರಿದ ಆಟಿಕೆಗಳ ಜೊತೆ. ಮುಂದೆ ಒಂದು ಪುಟ್ಟ ಪರದೆ.

ಪರದೆಯ ಮೂಲೆಯಲ್ಲಿ 11:42:10 ಅಂತ ಇತ್ತು. ಹನ್ನೊಂದೂ ಮುಕ್ಕಾಲಾಯ್ತಾ, ಹನ್ನೊಂದಕ್ಕೆ ಇನ್ನೊಂದು ಕಡೆ ಬರುತ್ತೇನೆ ಅಂದಿದ್ದೆನಲ್ಲ ಅಂತ ಗಾಬರಿಯಾಗಿ ಫೋನು ತೆಗೆದೆ.

ಫೋನಿನಲ್ಲಿ 10:42.

ಫೋನು ಕೆಟ್ಟಿದೆ ಅಂದುಕೊಂಡೆ ಅಂದರೆ ನೀವು ನಗಬೇಡಿ. ನಿಜವಾಗಿಯೂ ಮೊದಲು ಅನ್ನಿಸಿದ್ದು ಅದೇ. ಎದ್ದು ಬಾಗಿಲಾಚೆ ಕತ್ತು ಹಾಕಿ ಮೇಡಂ ಕೋಣೆಯ ಗೋಡೆ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಹದಿನೆಂಟು ನಿಮಿಷ ಬಾಕಿ. ಮತ್ತೆ ಪರದೆ ನೋಡಿದೆ. 11:42:51. ಫೋನು, 10:42:51. ಸೆಕೆಂಡು ಸೆಕೆಂಡಿಗೆ ಸರಿಯಾಗಿ ಜೊತೆಗೆ ಓಡುತ್ತಿವೆ, ನಡುವೆ ಸರಿಯಾಗಿ ಒಂದು ಗಂಟೆ.

ಸೆಟ್ಟಿಂಗ್ ಪುಟ ತೆರೆದೆ. ಎನ್‌ಟಿಪಿ ಸರಿಯಾಗಿಯೇ ಇದೆ. ಸರ್ವರ್ ವಿಳಾಸ ಸರಿ ಇದೆ. ಪರೀಕ್ಷಿಸುವ ಬಟನ್ ಒತ್ತಿದರೆ ‘ಯಶಸ್ವಿ’ ಅನ್ನುತ್ತದೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಿಗಾಗಿ ಇರುವ ‘ಬೇಸಿಗೆ ಟೈಮು’ ಚೌಕದಲ್ಲೂ ಗುರುತಿಲ್ಲ. ಮತ್ತೆಲ್ಲಿ ತಪ್ಪು? ಕಣ್ಣು ಮೇಲಕ್ಕೆ ಹೋಯಿತು. ಟೈಮ್ ಝೋನ್ ಪಟ್ಟಿಯಲ್ಲಿ ಆಯ್ಕೆಯಾಗಿದ್ದದ್ದು ನಮ್ಮ ಸಾಲಲ್ಲ. ಅದರ ಕೆಳಗಿನದು. ನಮಗಿಂತ ಒಂದು ಗಂಟೆ ಮುಂದಿನವರದು. ನಡುವಿನ ಕಾಲು ಗಂಟೆ, ಅರ್ಧ ಗಂಟೆಯ ಝೋನುಗಳು ಈ ರೆಕಾರ್ಡರ್‌ನ ಪಟ್ಟಿಯಲ್ಲಿಲ್ಲ.

ಟೈಮ್ ಸರ್ವರ್ ಯಾರಿಗೂ ಅವರವರ ಊರಿನ ಗಂಟೆ ಹೇಳುವುದಿಲ್ಲ. ಲೋಕಕ್ಕೆಲ್ಲ ಒಂದೇ ಹೊತ್ತು ಹೇಳುತ್ತದೆ. ಅದಕ್ಕೆ ಎಷ್ಟು ಗಂಟೆ ಕೂಡಿಸಬೇಕು ಅನ್ನುವುದನ್ನು ರೆಕಾರ್ಡರ್ ಈ ಪಟ್ಟಿಯ ಸಾಲು ನೋಡಿ ತಿಳಿಯುತ್ತದೆ. ಸಾಲು ತಪ್ಪಿದರೆ ನಿಮಿಷ, ಸೆಕೆಂಡು ಚಿನ್ನದ ತೂಕದ ಹಾಗೆ ಸರಿ ಇದ್ದು ಗಂಟೆ ಮಾತ್ರ ತಪ್ಪಿರುತ್ತದೆ. ಗಂಟೆಗೊಮ್ಮೆ ತಪ್ಪದೆ ತಿದ್ದಿಕೊಂಡು ತಪ್ಪಾಗಿಯೇ ಇರುತ್ತದೆ.

ಆದರೆ ನಾನು ರೆಕಾರ್ಡರ್ ಕೂರಿಸಿದ ದಿನ ನಮ್ಮ ಸಾಲನ್ನೇ ಆರಿಸಿದ್ದೆ. ಕಣ್ಣಾರೆ ನೋಡಿ ಆರಿಸಿದ್ದೆ, ದೇವರಾಣೆ. ಹಾಗಾದರೆ ಹೇಗೆ? ಆ ದಿನ ಮಾಡಿದ್ದನ್ನೇ ಮತ್ತೆ ಮಾಡಿ ನೋಡಿದೆ. ನನ್ನ ಹಳೆಯ ಲ್ಯಾಪ್‌ಟಾಪ್ ಹಚ್ಚಿ, ಅದೇ ಪುಟ ತೆರೆದು, ಪಟ್ಟಿಯಲ್ಲಿ ನಮ್ಮ ಸಾಲು ಒತ್ತಿದೆ. ಸೇವ್ ಬಟನ್ ಪುಟದ ಅಡಿಯಲ್ಲಿದೆ. ಕೆಳಗೆ ಹೋಗಲು ಮೌಸ್‌ನ ಚಕ್ರವನ್ನು ಬೆರಳಲ್ಲಿ ತಿರುಗಿಸಿದೆ. ಪುಟ ಕೆಳಗಿಳಿಯಲಿಲ್ಲ. ಪಟ್ಟಿಯ ಸಾಲು ಒಂದು ಕೆಳಗಿಳಿಯಿತು. ಪಟ್ಟಿಯ ಮೇಲಿನ ಹಿಡಿತ ಬಿಟ್ಟಿರಲಿಲ್ಲ, ಚಕ್ರ ತಿರುಗಿದ್ದು ಅದಕ್ಕೆ. ಆ ದಿನವೂ ಹೀಗೇ ಚಕ್ರವನ್ನು ಒಂದು ಹಲ್ಲು ತಿರುಗಿಸಿ, ಪುಟ ಅಲ್ಲಾಡಲಿಲ್ಲವಲ್ಲ ಅಂತ ಬೈದುಕೊಂಡು, ಪುಟದ ಅಂಚಿನ ಸ್ಕ್ರೋಲ್ ಬಾರ್ ಎಳೆದು, ಸೇವ್ ಒತ್ತಿ, ಲ್ಯಾಪ್‌ಟಾಪ್ ಮುಚ್ಚಿ ಎದ್ದಿದ್ದೆ. ಮೌಸ್‌ನ ಒಂದು ಹಲ್ಲು.

ಮತ್ತೆ ಏಣಿಯ ಮೇಲೆ ನಿಂತು ನೋಡಿದ್ದೆನಲ್ಲ? ಅಲ್ಲಿ ಹದಿನಾರು ಅಂತ ಇದ್ದಿರಬೇಕು, ನನ್ನ ಫೋನಿನಲ್ಲಿ ಮೂರು. ಹದಿನಾರನ್ನು ನಾಲ್ಕು ಅಂತ ಬಿಡಿಸುವ ಗೋಜಿಗೇ ನಾನು ಹೋಗಿರಲಿಲ್ಲ. ಗಡಿಯಾರ ಹಿಂದೆ ಬೀಳುವುದು, ಮುಂದೆ ಓಡುವುದು ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ. ನಾನು ನೋಡಿದ್ದೂ ಅದನ್ನೇ. ಗಂಟೆ ತಪ್ಪುತ್ತದೆ ಅಂತ ಯಾವ ಮೂರ್ಖ ನೋಡುತ್ತಾನೆ?

ಮೊದಲು ಬಂದದ್ದು ಗಿಣಿ ಆಂಟಿಯ ನೆನಪು. ಅಯ್ಯೋ, ಆ ಯಮ್ಮ ಸುಳ್ಳು ಹೇಳಿರಲಿಲ್ಲ! ಹದಿಮೂರು ಇಪ್ಪತ್ತು ಅಂದರೆ ಹನ್ನೆರಡು ಇಪ್ಪತ್ತು. ಅವರು ಇನ್ನೂ ಕೆಲಸಕ್ಕೆ ಬಂದೇ ಇರಲಿಲ್ಲ. ಓಡಿಹೋಗಿ ಮೇಡಂಗೆ ಹೇಳಬೇಕು ಅಂತ ಎದ್ದೆ. ಎದ್ದವನು ಹಾಗೇ ನಿಂತೆ.

ಹನ್ನೆರಡು ಇಪ್ಪತ್ತಕ್ಕೆ ಆ ಕೋಣೆ ಯಾರದು?

ಪೊರಕೆಗಳ ಪಕ್ಕದಲ್ಲಿ ಕುಸಿದು ಕೂತೆ. ಇಲ್ಲ, ಅವಳಲ್ಲ, ಆ ದಿನ ಬೇರೆ ಯಾರನ್ನೋ ಬಿಟ್ಟು ಹೋಗಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಆ ತಾರೀಕಿನ ರೆಕಾರ್ಡಿಂಗ್ ತೆರೆದೆ. ಮೂವತ್ತು ದಿನ ಉಳಿಯುವ ಹಾಗೆ ಇಟ್ಟಿದ್ದರಿಂದ ಅದು ಇನ್ನೂ ಇತ್ತು. ಟೈಮ್ ಸರಿ ಅಂತ ಸೀಲು ಒತ್ತಿದವನು ಈ ತುಣುಕನ್ನು ಒಮ್ಮೆಯೂ ನೋಡಿರಲಿಲ್ಲ.

ನೀಲಿ ಕೋಟು, ಟೋಪಿ. ಕ್ಯಾಮೆರಾ ಮೇಲಿನ ಮೂಲೆಯಲ್ಲಿರುವುದರಿಂದ ನೆತ್ತಿಯೇ ಹೆಚ್ಚು ಕಾಣುತ್ತದೆ. ಕೋಟಿನ ಜೇಬು ಮುಟ್ಟಿಕೊಂಡು ಹೊರಗೆ ಹೋಗುತ್ತಾಳೆ. ಮಗು ಎದ್ದು ನಿಲ್ಲುತ್ತದೆ. ಕಂಬಿಗೆ ಕಾಲು ಹಾಕುತ್ತದೆ. ನಾನು “ಬೇಡ, ಬೇಡ” ಅಂತ ಪರದೆಗೆ ಹೇಳಿದೆ. ಬಿತ್ತು. ಈ ಕ್ಯಾಮೆರಾಕ್ಕೆ ಧ್ವನಿಯಿಲ್ಲ, ಬಾಯಿ ಮಾತ್ರ ಅಗಲವಾಗಿ ತೆರೆದಿತ್ತು. ಐದು ನಿಮಿಷ. ಆಮೇಲೆ ಅವಳು ಒಳಗೆ ಬಂದಳು. ಮಗುವನ್ನು ಕಂಡು ಒಂದು ಕ್ಷಣ ನಿಂತಳು. ಬಗ್ಗುವ ಮೊದಲು ಎರಡೂ ಅಂಗೈಗಳನ್ನು ಸೊಂಟದ ಎರಡೂ ಪಕ್ಕಕ್ಕೆ ಒರೆಸಿಕೊಂಡಳು.

ನಮ್ಮ ಮಗಳನ್ನು ಎತ್ತಿಕೊಳ್ಳುವಾಗ ಎಂಟು ವರ್ಷ ಹಾಗೇ ಒರೆಸಿಕೊಂಡಿದ್ದಾಳೆ. ಕೈ ಒದ್ದೆ ಇರಲಿ, ಒಣಗಿರಲಿ. ನಾನು ಆ ಚಿತ್ರವನ್ನು ನಿಲ್ಲಿಸಿ ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ರೆಕಾರ್ಡರ್ ಟೈಮು ಈಗ ತಿದ್ದಿದರೆ ಮುಂದಿನ ಚಿತ್ರಗಳಿಗೆ ಮಾತ್ರ ಸರಿಯಾದ ಗಂಟೆ ಬೀಳುತ್ತದೆ. ಹಿಂದಿನದರಲ್ಲಿ ಅಚ್ಚಾಗಿ ಹೋದ ಅಂಕಿ ಬದಲಾಗುವುದಿಲ್ಲ. ಆ ತುಣುಕು ಸಾಯುವವರೆಗೂ ಹದಿಮೂರು ಇಪ್ಪತ್ತು ಅಂತಲೇ ಹೇಳುತ್ತದೆ. ನಾಳೆ ಯಾರಾದರೂ ಅನುಮಾನ ಬಂದು ಗಡಿಯಾರ ನೋಡಿದರೆ ಅದು ಸರಿಯಾಗಿರುತ್ತದೆ. ಒಂದು ಸಾಲು ಮೇಲಕ್ಕೆ ಸರಿಸಿ, ಸೇವ್ ಒತ್ತಿದರೆ ಮುಗಿಯಿತು. ಟೈಮು ಬದಲಾಯಿಸಿದ್ದು ಒಳಗಿನ ದಾಖಲೆ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ ನಿಜ. ಅದನ್ನು ತೆಗೆದು ಓದುವವನು ಈ ಊರಲ್ಲಿ ನಾನೊಬ್ಬನೇ.

ಸಾಲು ಸರಿಸಿದೆ. ಬಾಣದ ಗುರುತನ್ನು ಸೇವ್ ಮೇಲೆ ತಂದೆ. ಬೆರಳು ಅಲ್ಲೇ ಇತ್ತು.

“ಬಲೆ ಹೋಯ್ತಾ?” ಅಂತ ಹಿಂದಿನಿಂದ ಮೇಡಂ ಕೇಳಿದರು.

ಬೆಚ್ಚಿಬಿದ್ದು ಪುಟ ಮುಚ್ಚಿಬಿಟ್ಟೆ. “ಹೋಯ್ತು ಮೇಡಂ. ಇನ್ನೊಂದು ಸ್ವಲ್ಪ ಕೆಲ್ಸ ಇದೆ.”

“ಯಾಕೆ, ಮುಖ ಬೆವರಿದೆ?”

“ಇಲ್ಲಿ ಸೆಕೆ ಮೇಡಂ.”

ಅವರು ಹೋದರು. ನಾನು ಹೆಂಡತಿಯ ಪಾಳಿ ಮುಗಿಯುವ ಮಧ್ಯಾಹ್ನ ಒಂದು ಗಂಟೆಯವರೆಗೆ ಆ ಗೂಡಿನಲ್ಲೇ ಕೂತಿದ್ದೆ. ಇನ್ನೊಂದು ಕಡೆಯಿಂದ ಮೂರು ಸಲ ಫೋನು ಬಂತು, ತೆಗೆಯಲಿಲ್ಲ.

ಪಾಳಿ ಮುಗಿಸಿದ ಹೆಂಡತಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು, “ಅರೆ, ನೀವಿನ್ನೂ ಇಲ್ಲೇ ಇದ್ದೀರಾ?” ಅಂದಳು. ನಾನು ಪಕ್ಕದಲ್ಲಿ ಕೂತೆ. ಸುತ್ತಿ ಬಳಸಿ ಹೇಳುವ ಶಕ್ತಿ ಇರಲಿಲ್ಲ.

“ಆ ರೆಕಾರ್ಡರ್ ಒಂದು ಗಂಟೆ ಮುಂದಿದೆ. ಎರಡು ತಿಂಗಳಿಂದ. ನನ್ನದೇ ತಪ್ಪು.”

ಚಪ್ಪಲಿಯ ಪಟ್ಟಿ ಹಿಡಿದಿದ್ದ ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

“ಅಂದ್ರೆ?” ಅಂದಳು. ಅರ್ಥವಾಗಿದೆ ಅಂತ ಆ ಒಂದು ಮಾತಿನಲ್ಲೇ ಗೊತ್ತಾಯಿತು.

“ನೀನು ನೋಡಿದ್ಯಾ ಆ ಮಗೂನ, ನೆಲದ ಮೇಲೆ?”

“ನೋಡಿದೆ.” “ನಾನು ಬಂದಾಗ ಕೂತಿತ್ತು ರೀ. ಬಿಕ್ತಾ ಇತ್ತು. ಇಳಿದು ಬಂದಿದೆ ಅಂದ್ಕೊಂಡೆ. ಎತ್ತಿ ಮಲಗಿಸ್ದೆ, ನಿದ್ದೆ ಹೋಯ್ತು. ಬಿದ್ದಿದೆ ಅಂತ ನಿಜವಾಗ್ಲೂ ಗೊತ್ತಾಗ್ಲಿಲ್ಲ.”

“ಮಾರನೇ ದಿನ ಗೊತ್ತಾಯ್ತಲ್ಲ? ಆಗ್ಯಾಕೆ ಬಾಯಿ ಬಿಡ್ಲಿಲ್ಲ?”

“ಬಿಡೋಕೇ ಹೋದೆ. ಆಂಟಿನ ಕಳಿಸಿದ ಮರುದಿನ ಬೆಳಗ್ಗೆ ಮೇಡಂ ರೂಮಿಗೆ ಹೋದೆ. ಒಂದು ಇಪ್ಪತ್ತಕ್ಕೆ ಬಿದ್ದಿದ್ದು, ಕ್ಯಾಮೆರಾದಲ್ಲಿದೆ ಅಂದ್ರು.” ಈಗ ಅವಳು ನನ್ನ ಕಡೆ ತಿರುಗಿದಳು. “ನಿಮ್ಮ ಕಾಗದ ಟೇಬಲ್ ಮೇಲಿತ್ತು. ಸೆಕೆಂಡೂ ತಪ್ಪಲ್ಲ ಅಂತ ನೀವೇ ಬರೆದಿದ್ರಿ. ಹಂಗಾದ್ರೆ ನಾನು ನೋಡಿದ್ದು ಬೇರೆ, ಆಮೇಲೆ ಆಂಟಿ ಇದ್ದಾಗ ಮತ್ತೆ ಬಿದ್ದಿದೆ ಅಂದ್ಕೊಂಡೆ. ಹಾಗೇ ಇರ್ಬೇಕು ಅಂತ ದಿನಾ ಅಂದ್ಕೊಂಡೆ. ಸುಳ್ಳು ಹೇಳಲ್ಲ, ಸಮಾಧಾನವೂ ಆಯ್ತು. ನಾಚಿಕೆ ಆಗತ್ತೆ ಹೇಳೋಕೆ. ಆದ್ರೆ ಆಯ್ತು.”

ನನಗೆ ಕೋಪ ಬಂತು. ಯಾರ ಮೇಲೆ ಅಂತ ಗೊತ್ತಿಲ್ಲದ ಕೋಪ. “ಹತ್ತು ನಿಮಿಷ! ಆರು ಕೂಸುಗಳನ್ನ ಬಿಟ್ಟು ಹತ್ತು ನಿಮಿಷ ಹೊರಗೇನು ಮಾಡ್ತಿದ್ದೆ?”

“ಫೋನ್ ಬಂತು. ಒಳಗೆ ಮಾತಾಡಂಗಿಲ್ವಲ್ಲ. ಇಲ್ಲಿಗೆ ಬಂದೆ, ಇದೇ ಮೆಟ್ಟಿಲಿಗೆ.”

“ಅಂಥ ತಲೆ ಹೋಗೋ ಫೋನು ಯಾರದೇ ಅದು?”

ಅವಳು ನನ್ನನ್ನೇ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಆಗ ಅರ್ಥವಾಯಿತು. ಫೋನು ತೆಗೆದು ಆ ತಾರೀಕಿನ ಕರೆಗಳ ಪಟ್ಟಿಗೆ ಇಳಿದೆ. ಹನ್ನೆರಡು ಇಪ್ಪತ್ತು. ‘ಮನೆಯವಳು’. ಹತ್ತು ನಿಮಿಷ.

ನೆನಪಾಯಿತು. ಎಪ್ಪತ್ತು ಕ್ಯಾಮೆರಾದ ಕೆಲಸ ನನಗೆ ಸಿಕ್ಕಿತ್ತು ಆ ದಿನ. ಸಂಜೆಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ, ಬೇರೆಯವರನ್ನೆಲ್ಲ ಬಿಟ್ಟು ನನ್ನನ್ನೇ ಯಾಕೆ ಕರೆದರು ಗೊತ್ತಾ ಅಂತ ಕೊಚ್ಚಿಕೊಳ್ಳಲು ಮಾಡಿದ ಫೋನು. ನಡುವೆ ಎರಡು ಸಲ ಅವಳು, “ಆಮೇಲೆ ಮಾತಾಡೋಣ ರೀ, ಒಳಗೆ ಹೋಗ್ಬೇಕು” ಅಂದಿದ್ದಳು. “ಇರೇ, ಕೇಳೇ” ಅಂದಿದ್ದೆ ನಾನು.

ಒಳಗೆ ಯಾವುದೋ ಕೂಸು ಎದ್ದು ಅಳತೊಡಗಿತು, ಹೊಸ ಆಯಾ ಏನೋ ಹೇಳಿ ಸಮಾಧಾನ ಮಾಡಿದಳು.

“ಟೈಮು ಸರಿ ಮಾಡಿದ್ರಾ?” ಹೆಂಡತಿ ಕೇಳಿದಳು.

“ಇಲ್ಲ.”

“ಮಾಡಿದ್ಮೇಲೆ ಯಾರಿಗಾದ್ರೂ ಗೊತ್ತಾಗತ್ತಾ, ಮೊದ್ಲು ತಪ್ಪಿತ್ತು ಅಂತ?”

ನಾನು ಸುಳ್ಳು ಹೇಳಬಹುದಿತ್ತು. “ಈಗ್ಲೇ ಫೋಟೊ ತೆಗೆದಿಟ್ರೆ ಗೊತ್ತಾಗತ್ತೆ. ಸುಮ್ನೆ ಸರಿ ಮಾಡಿಬಿಟ್ರೆ ಯಾರಿಗೂ ಗೊತ್ತಾಗಲ್ಲ.”

ಅವಳು ಎದ್ದು ನಿಂತಳು. ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಹೊರಟಳು. ಬಾಗಿಲಲ್ಲಿ ತಿರುಗಿ, “ಮೇಡಂನ ಕರೀತೀನಿ. ಅವ್ರ ಎದುರಿಗೇ ಫೋಟೊ ತೆಗೀರಿ. ಆಮೇಲೆ ಸರಿ ಮಾಡಿ” ಅಂದಳು.

ಆ ಗೂಡಿನಲ್ಲಿ ಮೂವರು ನಿಲ್ಲಲು ಜಾಗವಿರಲಿಲ್ಲ. ಮೇಡಂ ಒಳಗೆ, ನಾನು ನೆಲದ ಮೇಲೆ, ಹೆಂಡತಿ ಬಾಗಿಲಲ್ಲಿ. ನನ್ನ ಫೋನನ್ನು ಪರದೆಯ ಪಕ್ಕಕ್ಕೆ ಹಿಡಿದು, ಎರಡೂ ಗಡಿಯಾರ ಒಟ್ಟಿಗೆ ಕಾಣುವಂತೆ ಮೇಡಂ ಫೋನಿನಲ್ಲಿ ಚಿತ್ರ ತೆಗೆದೆ. 14:31:06, 1:31:06. ಆ ದಿನದ ತುಣುಕನ್ನು ಪೆನ್‌ಡ್ರೈವ್‌ಗೆ ಇಳಿಸಿದೆ, ಅಳಿಸಿಹೋಗದಂತೆ ಬೀಗ ಹಾಕಿದೆ. ಕಾಗದದ ಮೇಲೆ ಬರೆದೆ: ಈ ರೆಕಾರ್ಡಿಂಗ್‌ನಲ್ಲಿ ಕಾಣುವ ಹೊತ್ತಿನಿಂದ ಸರಿಯಾಗಿ ಒಂದು ಗಂಟೆ ಕಳೆಯತಕ್ಕದ್ದು, ಹಿಂದೆ ನಾನು ಕೊಟ್ಟ ಪತ್ರ ತಪ್ಪು. ಸಹಿ ಹಾಕಿದೆ. ಇದೆಲ್ಲ ಆದ ಮೇಲೆ ಪಟ್ಟಿಯಲ್ಲಿ ನಮ್ಮ ಸಾಲು ಆರಿಸಿ, ಖಾಲಿ ಜಾಗದಲ್ಲಿ ಒಮ್ಮೆ ಒತ್ತಿ ಪಟ್ಟಿಯ ಹಿಡಿತ ಬಿಡಿಸಿ, ಸಾಲು ಅಲ್ಲಾಡಿಲ್ಲ ಅಂತ ಮೂರು ಸಲ ನೋಡಿ ಸೇವ್ ಒತ್ತಿದೆ. ಮೂಲೆಯ ಹದಿನಾಲ್ಕು ಹದಿಮೂರಾಯಿತು.

“ಇವತ್ತು ಒಂದೂ ಮುಕ್ಕಾಲಿಂದ ಎರಡೂ ಮುಕ್ಕಾಲವರೆಗಿನ ಗಂಟೆ ಎರಡು ಸಲ ಬರತ್ತೆ ಮೇಡಂ,” ಅಂದೆ, ಬಾಯಿಗೆ ಬೇರೇನೂ ಬರದೆ. “ಹುಡುಕುವಾಗ ಗೊಂದಲ ಆಗ್ಬಹುದು.”

ಮೇಡಂ ಕೇಳಿಸಿಕೊಳ್ಳಲಿಲ್ಲ. ಹೆಂಡತಿಯನ್ನು ನೋಡುತ್ತಿದ್ದರು. “ನೀನಾ?” ಅಂದರು. ಆಮೇಲೆ, “ಆ ವಯಸ್ಸಾದವರಿಗೆ ನಾನು ಎಂತೆಂಥ ಮಾತಾಡಿಬಿಟ್ಟೆ” ಅಂತ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಹೆಂಡತಿ ಕತ್ತಿನ ಗುರುತಿನ ಚೀಟಿ ತೆಗೆದು ರೆಕಾರ್ಡರ್ ಮೇಲಿಟ್ಟಳು. ಯಾರೂ ಅದನ್ನು ವಾಪಸ್ ತೆಗೆದುಕೋ ಅನ್ನಲಿಲ್ಲ.

ಅಲ್ಲಿಂದ ನಾವಿಬ್ಬರೂ ಸೀದಾ ಗಿಣಿ ಆಂಟಿಯ ಮನೆಗೆ ಹೋದೆವು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ, ಮಗಳ ಜೊತೆ ಇದ್ದರು. ಬಾಗಿಲು ತೆರೆದವಳು ಮಗಳು, ಕಂಕುಳಲ್ಲಿ ಏಳೆಂಟು ತಿಂಗಳ ಕೂಸು. ಆಂಟಿ ಒಳಗೆ ಗೋಡೆಗೊರಗಿ ಕೂತಿದ್ದರು. ಮಕ್ಕಳ ಹತ್ತಿರ ಬಾಯಿ ಮುಚ್ಚದಿದ್ದ ಹೆಂಗಸು ನಮ್ಮನ್ನು ನೋಡಿ ಬನ್ನಿ ಅಂತ ಕೂಡ ಅನ್ನಲಿಲ್ಲ. ಎರಡೇ ವಾರದಲ್ಲಿ ಅರ್ಧ ಆಗಿದ್ದರು.

ನಾನು ನಿಂತಲ್ಲೇ ಶುರುಮಾಡಿದೆ. ಸರ್ವರು, ಝೋನು, ಪಟ್ಟಿ, ಮೌಸ್‌ನ ಚಕ್ರ. ಆಂಟಿ ಕೈಯೆತ್ತಿ ತಡೆದರು.

“ಅದೆಲ್ಲ ನಂಗೆ ಬೇಡ. ಆ ಹೊತ್ನಲ್ಲಿ ನಾನೆಲ್ಲಿದ್ದೆ, ಅದನ್ನ ಹೇಳು.”

“ಮನೇಲಿದ್ರಿ ಆಂಟಿ. ಇನ್ನೂ ಕೆಲ್ಸಕ್ಕೇ ಬಂದಿರ್ಲಿಲ್ಲ.”

“ನಾನು ಮಗೂನ ಬಿಟ್ಟು ಹೋಗಿರ್ಲಿಲ್ವಾ?”

“ಇಲ್ಲ.”

ಅವರ ಮಗಳು ಮುಂದೆ ಬಂದಳು. “ಅಮ್ಮ ದಿನಾ ಹೇಳ್ತಾರಣ್ಣ,” ಅಂದಳು ನನಗೆ, “ನಂಗೆ ಹೋದ ನೆನಪೇ ಇಲ್ಲ, ಆದ್ರೆ ವಿಡಿಯೋದಲ್ಲಿದೆ, ಅಂದ್ರೆ ನಂಗೆ ಮರೆವು ಶುರುವಾಗಿದೆ ಅಂತ. ಗ್ಯಾಸ್ ಆಫ್ ಮಾಡಿದೀನಾ ಅಂತ ರಾತ್ರಿ ನಾಲ್ಕು ಸಲ ಏಳ್ತಾರೆ. ಎರಡು ವಾರದಿಂದ ಇವನನ್ನ ಎತ್ಕೊಂಡಿಲ್ಲ. ಎಲ್ಲಾದ್ರೂ ಇಟ್ಟು ಮರೆತುಬಿಡ್ತೀನಿ ಅಂತ. ನಾಳೆ ತಲೆ ಡಾಕ್ಟರ ಹತ್ರ ಹೋಗೋದಿತ್ತು.”

ಕೆಲಸ ಹೋಗಿದೆ, ಹೆಸರು ಹೋಗಿದೆ ಅಂತ ನಾನು ಲೆಕ್ಕ ಹಾಕಿಕೊಂಡು ಬಂದಿದ್ದೆ. ಇದನ್ನು ಹಾಕಿರಲಿಲ್ಲ. ಒಬ್ಬ ಹೆಂಗಸು ತನ್ನ ಕಣ್ಣು, ತನ್ನ ನೆನಪು ಎಲ್ಲವನ್ನೂ ಬದಿಗಿಟ್ಟು ನನ್ನ ಸೀಲನ್ನು ನಂಬಿದ್ದರು.

ಮಗಳು ಕೂಸನ್ನು ತಾಯಿಯ ಕಡೆ ಚಾಚಿದಳು. “ತಗೋಮ್ಮಾ. ಕೇಳಿದ್ಯಲ್ಲ, ನೀನಲ್ಲ.”

ಆಂಟಿಯ ಕೈ ಅರ್ಧಕ್ಕೆ ಎದ್ದು ನಿಂತಿತು. ನನ್ನ ಮುಖ ನೋಡಿದರು. “ನಿಜವಾಗ್ಲೂ ನೋಡಿದ್ಯಾ? ಹೋದ ಸಲಾನೂ ಸರಿ ಇದೆ ಅಂದಿದ್ದೆ ನೀನು.”

ಜೇಬಿನಲ್ಲಿ ಸಹಿ ಹಾಕಿದ ಕಾಗದದ ನಕಲಿತ್ತು. ಅದನ್ನು ತೆಗೆಯಲು ಕೈ ಬರಲಿಲ್ಲ.

ಹೆಂಡತಿ ನನ್ನನ್ನು ದಾಟಿ ಮುಂದೆ ಹೋಗಿ ಅವರ ಎದುರಿಗೆ ನೆಲದ ಮೇಲೆ ಕೂತಳು.

“ನಾನಿದ್ದೆ ಆಂಟಿ,” ಅಂದಳು. “ಆ ಕೋಟಿನಲ್ಲಿ ಇದ್ದಿದ್ದು ನಾನು. ಬಿಟ್ಟು ಹೋಗಿದ್ದು ನಾನು, ಎತ್ತಿ ಮಲಗ್ಸಿದ್ದೂ ನಾನು. ನಂಗೆ ಎಲ್ಲಾ ನೆನಪಿದೆ.”

ಆಂಟಿ ಅವಳನ್ನು ನೋಡಿದರು. ಕ್ಷಮಿಸುವ ನೋಟವಲ್ಲ ಅದು, ಬೈಯುವ ನೋಟವೂ ಅಲ್ಲ. ಆಮೇಲೆ ಎರಡೂ ಕೈ ಚಾಚಿ ಮೊಮ್ಮಗನನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಅದು ಅವರ ಮೂಗು ಹಿಡಿದು ಎಳೆಯಿತು. ಅವರು ಅದಕ್ಕೆ ಏನೋ ಹೇಳತೊಡಗಿದರು.